ಐಗನ್ ಮೌಲ್ಯ ಸರಿ ಬಂದಿದೆಯೇ? ಎರಡು ಲೆಕ್ಕ ಸಾಕು, ಕೆಲವೊಮ್ಮೆ ಮೂರು ಬೇಕು

ಮಾತೃಕೆಯ ಐಗನ್ ಮೌಲ್ಯ ಕಂಡುಹಿಡಿಯುವ ಲೆಕ್ಕದಲ್ಲಿ ಚಿಹ್ನೆ ತಪ್ಪಲು ಜಾಗ ಬಹಳ. ತಪ್ಪಿದರೂ ಉತ್ತರ ನೋಡಲು ಚೆನ್ನಾಗಿಯೇ ಇರುತ್ತದೆ. ಇಡೀ ಲೆಕ್ಕವನ್ನು ಮತ್ತೊಮ್ಮೆ ಮಾಡಿ ನೋಡುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಮೊದಲ ಸಲ ಎಡವಿದ ಕಲ್ಲಿಗೇ ಎರಡನೇ ಸಲವೂ ಎಡವುತ್ತೇವೆ. ಬೇರೆ ದಾರಿಯಲ್ಲಿ ಬಂದು ನೋಡುವುದು ಮೇಲು. ಆ ದಾರಿಗೆ ಬೇಕಾದವು ಟ್ರೇಸ್ ಮತ್ತು ನಿರ್ಧಾರಕ.

ಟ್ರೇಸ್ ಎಂದರೆ ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಗೆ ಇಳಿಯುವ ಪ್ರಧಾನ ಕರ್ಣದ ಸಂಖ್ಯೆಗಳ ಮೊತ್ತ. ಎಲ್ಲ ಐಗನ್ ಮೌಲ್ಯಗಳನ್ನು ಕೂಡಿದರೆ ಟ್ರೇಸ್ ಬರಬೇಕು, ಗುಣಿಸಿದರೆ ನಿರ್ಧಾರಕ ಬರಬೇಕು. 2×2 ಮಾತೃಕೆಯಲ್ಲಿ ಇದು ಹತ್ತನೇ ತರಗತಿಯ ಪಾಠವೇ. ಅಲ್ಲಿನ ಲಾಕ್ಷಣಿಕ ಸಮೀಕರಣ λ² − (ಟ್ರೇಸ್)λ + (ನಿರ್ಧಾರಕ) = 0 ಎಂಬ ವರ್ಗ ಸಮೀಕರಣ; ಅದರ ಮೂಲಗಳ ಮೊತ್ತವೂ ಗುಣಲಬ್ಧವೂ ಗುಣಾಂಕಗಳಲ್ಲೇ ಕೂತಿರುತ್ತವೆ.

ಹಂತ 1: 2×2 ಮಾತೃಕೆಯಲ್ಲಿ ಎರಡನ್ನೂ ನೋಡಿ

```
4  1
2  3
```

ಟ್ರೇಸ್ 4 + 3 = 7. ನಿರ್ಧಾರಕ 4×3 − 1×2 = 10. ನಿಮ್ಮ ಉತ್ತರ 5 ಮತ್ತು 2 ಆಗಿದ್ದರೆ ಮೊತ್ತ 7, ಗುಣಲಬ್ಧ 10. ಕೆಲಸ ಮುಗಿಯಿತು. ಎರಡು ಸಂಖ್ಯೆಗಳ ಮೊತ್ತ ಮತ್ತು ಗುಣಲಬ್ಧ ಗೊತ್ತಾದರೆ ಆ ಸಂಖ್ಯೆಗಳು ಬೇರೆ ಆಗಲು ಸಾಧ್ಯವೇ ಇಲ್ಲ. ಹೀಗಾಗಿ 2×2ರಲ್ಲಿ ಈ ಪರೀಕ್ಷೆ ಪರಿಪೂರ್ಣ.

ಆದರೆ ಒಂದನ್ನೇ ನೋಡಿ ಬಿಡುವಂತಿಲ್ಲ. ಇದೇ ಮಾತೃಕೆಗೆ ಕರ್ಣದಲ್ಲಿರುವ 4 ಮತ್ತು 3ನ್ನೇ ಐಗನ್ ಮೌಲ್ಯಗಳೆಂದು ಬರೆದವರಿಗೆ ಮೊತ್ತ ಸರಿಯಾಗಿ 7 ಬರುತ್ತದೆ; ಗುಣಲಬ್ಧ 12 ಆಗಿ ಗುಟ್ಟು ಬಯಲಾಗುತ್ತದೆ. ಇನ್ನು ಕೆಲವರು ಎರಡನೇ ಅಡ್ಡಸಾಲಿನಿಂದ ಮೊದಲನೆಯದರ ಅರ್ಧವನ್ನು ಕಳೆದು, ಕೆಳಗಿನ 2ನ್ನು ಸೊನ್ನೆ ಮಾಡಿ, ಕರ್ಣದಲ್ಲಿ ಉಳಿದ 4 ಮತ್ತು 2.5 ಉತ್ತರವೆಂದುಕೊಳ್ಳುತ್ತಾರೆ. ಅವರ ಗುಣಲಬ್ಧ 10, ಸರಿಯೇ ಇದೆ. ಮೊತ್ತ ಮಾತ್ರ 6.5. ಒಂದು ಸಾಲಿನ ಗುಣಕವನ್ನು ಇನ್ನೊಂದರಿಂದ ಕಳೆದಾಗ ನಿರ್ಧಾರಕ ಬದಲಾಗುವುದಿಲ್ಲ, ಐಗನ್ ಮೌಲ್ಯಗಳು ಬದಲಾಗಬಹುದು. ಸಮೀಕರಣ ಬಿಡಿಸುವಾಗ ಅಭ್ಯಾಸವಾದ ಆ ಕೈಚಳಕವನ್ನು ಇಲ್ಲಿ ತರಬಾರದು.

ಉತ್ತರದಲ್ಲಿ ಸಂಕೀರ್ಣ ಸಂಖ್ಯೆಗಳು ಬಂದರೂ ನಿಯಮ ಇದೇ. 1 + 2i ಮತ್ತು 1 − 2i ಬಂದಿದ್ದರೆ ಟ್ರೇಸ್ 2, ನಿರ್ಧಾರಕ 5 ಇರಬೇಕು.

ಹಂತ 2: ಪುನರಾವರ್ತನೆಯಾದ ಮೌಲ್ಯವನ್ನು ಅಷ್ಟೂ ಸಲ ಎಣಿಸಿ

```
2  2  1
1  3  1
1  2  2
```

ಇದರ ಟ್ರೇಸ್ 7, ನಿರ್ಧಾರಕ 5. ಐಗನ್ ಮೌಲ್ಯಗಳು 1, 1, 5. "1 ಮತ್ತು 5" ಎಂದಷ್ಟೇ ಬರೆದವರಿಗೆ ಗುಣಲಬ್ಧ 5 ಬಂದು ಸಮಾಧಾನವಾಗುತ್ತದೆ, ಏಕೆಂದರೆ ಬಿಟ್ಟುಹೋದ 1 ಗುಣಾಕಾರದಲ್ಲಿ ಕಾಣಿಸುವುದೇ ಇಲ್ಲ. ಮೊತ್ತ 6 ಆದಾಗ ಒಂದು ಕಡಿಮೆಯಾಗಿದೆ ಎಂದು ತಿಳಿಯುತ್ತದೆ. 3×3 ಮಾತೃಕೆಗೆ ಮೂರು ಮೌಲ್ಯಗಳು ಇರಲೇಬೇಕು. ಮೊದಲು ಎಣಿಸಿ, ಆಮೇಲೆ ಕೂಡಿ.

ಹಂತ 3: 3×3ರಲ್ಲಿ ಮೂರನೆಯ ಲೆಕ್ಕ

ನಿಜವಾದ ತೊಡಕು ಇಲ್ಲಿದೆ, ಬಹುತೇಕ ಟಿಪ್ಪಣಿಗಳು ಇದನ್ನು ಹೇಳದೆ ಮುಂದೆ ಸಾಗುತ್ತವೆ. ಎಂಜಿನಿಯರಿಂಗ್ ಗಣಿತ ಓದಿದವರಿಗೆ ಈ ಮಾತೃಕೆಯ ಪರಿಚಯ ಇದ್ದೀತು:

```
 8  -6   2
-6   7  -4
 2  -4   3
```

ಟ್ರೇಸ್ 18. ನಿರ್ಧಾರಕ 8(21 − 16) + 6(−18 + 8) + 2(24 − 14) = 40 − 60 + 20 = 0. ಲಾಕ್ಷಣಿಕ ಸಮೀಕರಣ ಬರೆಯಲು ಇನ್ನೊಂದು ಸಂಖ್ಯೆ ಬೇಕು. ಕರ್ಣದ ಮೇಲೆ ಕೂತಿರುವ ಮೂರು 2×2 ನಿರ್ಧಾರಕಗಳ ಮೊತ್ತವೇ ಅದು: 56 − 36 = 20, 24 − 4 = 20, 21 − 16 = 5; ಒಟ್ಟು 45. ಸಮೀಕರಣ λ³ − 18λ² + 45λ = 0; ಮೌಲ್ಯಗಳು 0, 3, 15.

ಈಗ ಒಬ್ಬ ವಿದ್ಯಾರ್ಥಿ ಕೊನೆಯದರಲ್ಲಿ (−4)×(−4)ನ್ನು −16 ಎಂದುಕೊಂಡ ಎನ್ನೋಣ. ಅವನಿಗೆ 21 + 16 = 37 ಬರುತ್ತದೆ, ಒಟ್ಟು 77. ಸಮೀಕರಣ λ³ − 18λ² + 77λ = 0 ಆಗಿ, 0, 7, 11 ಎಂಬ ಅಚ್ಚುಕಟ್ಟಾದ ಪೂರ್ಣಾಂಕಗಳು ಸಿಗುತ್ತವೆ. ಪರೀಕ್ಷಿಸಿದರೆ ಮೊತ್ತ 18, ಗುಣಲಬ್ಧ 0. ಎರಡೂ ಪಾಸು, ಉತ್ತರ ತಪ್ಪು!

ಇದು ಆಕಸ್ಮಿಕವಲ್ಲ. λ²ದ ಗುಣಾಂಕವನ್ನು ಟ್ರೇಸಿನಿಂದಲೂ ಕೊನೆಯ ಸಂಖ್ಯೆಯನ್ನು ನಿರ್ಧಾರಕದಿಂದಲೂ ತುಂಬಿದ ಮೇಲೆ, ಮೂಲಗಳನ್ನು ಸರಿಯಾಗಿ ಬಿಡಿಸಿದ್ದರೆ, ಅವು ಅದೇ ಟ್ರೇಸನ್ನೂ ಅದೇ ನಿರ್ಧಾರಕವನ್ನೂ ವಾಪಸು ಕೊಡಲೇಬೇಕು. ನಡುವಿನ ಗುಣಾಂಕ ಏನೇ ಆಗಿರಲಿ, ಈ ಎರಡು ಪರೀಕ್ಷೆಗಳು ಅದನ್ನು ಮುಟ್ಟುವುದೇ ಇಲ್ಲ. ನಿರ್ಧಾರಕವನ್ನೇ ತಪ್ಪಾಗಿ ಲೆಕ್ಕ ಹಾಕಿ, ಅದೇ ಸಂಖ್ಯೆಯನ್ನು ಎರಡೂ ಕಡೆ ಬಳಸಿದರೂ ಇದೇ ಗತಿ. ಆದ್ದರಿಂದ ಪರೀಕ್ಷೆಗೆ ಬೇಕಾದ ನಿರ್ಧಾರಕವನ್ನು ಪ್ರಶ್ನೆಯಲ್ಲಿರುವ ಮಾತೃಕೆಯಿಂದಲೇ, ಬೇರೆ ಅಡ್ಡಸಾಲು ಅಥವಾ ಕಂಬಸಾಲು ಹಿಡಿದು ಹೊಸದಾಗಿ ಬಿಡಿಸಿ.

ನಡುವಿನ ಗುಣಾಂಕದ ತಪ್ಪು ಹಿಡಿಯಲು ವರ್ಗಗಳ ಮೊತ್ತ ನೋಡಿ. ಐಗನ್ ಮೌಲ್ಯಗಳ ವರ್ಗಗಳನ್ನು ಕೂಡಿದರೆ, ಮಾತೃಕೆಯನ್ನು ಅದರಿಂದಲೇ ಗುಣಿಸಿದಾಗ ಬರುವ ಮಾತೃಕೆಯ ಟ್ರೇಸ್ ಸಿಗಬೇಕು. ಇದಕ್ಕಾಗಿ ಇಡೀ ಗುಣಾಕಾರ ಬೇಡ. ಕರ್ಣದ ಸಂಖ್ಯೆಗಳ ವರ್ಗಗಳನ್ನು ಕೂಡಿ. ಕರ್ಣದ ಆಚೆ ಈಚೆ ಕನ್ನಡಿಯಂತೆ ಎದುರುಬದುರಾಗಿರುವ ಜೋಡಿಗಳನ್ನು ಗುಣಿಸಿ, ಆ ಗುಣಲಬ್ಧಗಳ ಮೊತ್ತದ ಎರಡರಷ್ಟನ್ನು ಸೇರಿಸಿ. ನಮ್ಮ ಮಾತೃಕೆಯಲ್ಲಿ ಕರ್ಣದಿಂದ 64 + 49 + 9 = 122. ಜೋಡಿಗಳಿಂದ 2(36 + 4 + 16) = 112. ಒಟ್ಟು 234.

ಸರಿಯಾದ ಉತ್ತರದಲ್ಲಿ 0 + 9 + 225 = 234. ತಪ್ಪು ಉತ್ತರದಲ್ಲಿ 0 + 49 + 121 = 170. ಸಿಕ್ಕಿಬಿದ್ದಿತು.

ಹಂತ 2ರ ಮಾತೃಕೆಗೂ ಮಾಡಿ ನೋಡಿ. ಕರ್ಣದಿಂದ 4 + 9 + 4 = 17; ಜೋಡಿಗಳು 2×1, 1×1, 1×2, ಅವುಗಳ ಮೊತ್ತ 5, ಎರಡರಷ್ಟು 10; ಒಟ್ಟು 27. ಮೌಲ್ಯಗಳ ಕಡೆಯಿಂದ 1 + 1 + 25, ಅದೂ 27. ಮೊತ್ತ, ವರ್ಗಗಳ ಮೊತ್ತ, ಗುಣಲಬ್ಧ ಮೂರೂ ಹೊಂದಿದರೆ 3×3ರಲ್ಲಿ ಬೇರೆ ಉತ್ತರಕ್ಕೆ ಅವಕಾಶವಿಲ್ಲ. 4×4ಕ್ಕೆ ಹೋದರೆ ನಾಲ್ಕನೆಯ ಪರೀಕ್ಷೆಯೊಂದು ಬೇಕಾಗುತ್ತದೆ, ಅಲ್ಲಿಗೆ ಈ ವಿಧಾನದ ಅಗ್ಗದ ಗುಣವೂ ಕಡಿಮೆಯಾಗುತ್ತದೆ.

ದಶಾಂಶಗಳಲ್ಲಿ ಉತ್ತರ ಬರೆದಿದ್ದರೆ ಕೊನೆಯ ಅಂಕಿಗಳು ಸ್ವಲ್ಪ ಜಾರುತ್ತವೆ. 3.618 ಮತ್ತು 1.382ರ ಗುಣಲಬ್ಧ 5.000076, ನಿರ್ಧಾರಕ 5 ಆಗಿದ್ದರೆ ಇದು ದುಂಡುಮಾಡಿದ್ದರ ಫಲ, ತಪ್ಪಲ್ಲ. 5ರ ಬದಲು 5.2 ಬಂದರೆ ಮಾತ್ರ ಹಿಂದಿರುಗಿ ನೋಡಬೇಕು.

ಈ ಪರೀಕ್ಷೆಗಳು ಐಗನ್ ಸದಿಶಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. ಅದಕ್ಕೆ ಮಾತೃಕೆಯಿಂದ ಗುಣಿಸಿಯೇ ನೋಡಬೇಕು. ಹಂತ 3ರ ಮಾತೃಕೆಯಲ್ಲಿ ಐಗನ್ ಮೌಲ್ಯ 3ಕ್ಕೆ (2, 1, −2) ಎಂದು ಬರೆದಿದ್ದರೆ, ಮೊದಲ ಸಾಲಿನಿಂದ 16 − 6 − 4 = 6, ಎರಡನೆಯದರಿಂದ −12 + 7 + 8 = 3, ಮೂರನೆಯದರಿಂದ 4 − 4 − 6 = −6. ಬಂದದ್ದು (6, 3, −6), ಅಂದರೆ ಸರಿಯಾಗಿ ಮೂರರಷ್ಟು.