ಹತ್ತಿಯ ಲೆಕ್ಕ ಹೊಲವಾರು ಬರೆದಾಗ ಕಂಡದ್ದು

ಮಾನ್ವಿ ತಾಲ್ಲೂಕಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ ನಮ್ಮ ಹೊಲಗಳಿವೆ. ಭತ್ತ, ಹತ್ತಿ, ತೊಗರಿ ಮೂರನ್ನೂ ಬೆಳೆಯುತ್ತೇವೆ. ಮೊದಲ ಎರಡು ವರ್ಷ ನಾನು ಎಲ್ಲ ಖರ್ಚನ್ನೂ ತಾರೀಖಿನ ಪ್ರಕಾರ ಒಂದೇ ಪುಸ್ತಕದಲ್ಲಿ ಬರೆದೆ. ಸುಗ್ಗಿಯ ನಂತರ ಯಾವ ಗೊಬ್ಬರ ಯಾವ ಬೆಳೆಗೆ ಹೋಯಿತೆಂದು ಬೇರ್ಪಡಿಸಲು ಆಗಲೇ ಇಲ್ಲ. ಮೂರನೆಯ ವರ್ಷ ಹೊಲಕ್ಕೊಂದು ಹಾಳೆ ಮಾಡಿ, ಕೂಲಿಯನ್ನು ಅಂದಂದೇ ಸಂಜೆ, ಆಳುಗಳು ಹೊಲ ಬಿಡುವ ಮುನ್ನ ಬರೆಯತೊಡಗಿದೆ. "ಬರೆದರೆ ಬೆಳೆ ಹೆಚ್ಚು ಬರುತ್ತದೆಯೇ?" ಎಂದು ನಮ್ಮ ಕಾಕಾ ಕೇಳಿದ್ದರು.

ದೊಡ್ಡ ತಪ್ಪು, ಹತ್ತಿ ಮಾರಿದಾಗ ಅಂಗಡಿಯವರು ಬರೆದುಕೊಡುವ ಲೆಕ್ಕದ ಪಟ್ಟಿಯನ್ನು ನಾನು ಓದುವುದರಲ್ಲಿತ್ತು. ಅಂಗಡಿಯವರು ಕೈಗೆ ಕೊಟ್ಟ ಹಣವನ್ನೇ ನಾನು ಹತ್ತಿಯ ಆದಾಯವೆಂದು ಬರೆಯುತ್ತಿದ್ದೆ. ಅವರಿಂದ ಜುಲೈನಲ್ಲಿ ಬೀಜ, ಗೊಬ್ಬರ, ಔಷಧಿಗೆಂದು ತಂದಿದ್ದ ಸುಮಾರು 40,000 ರೂಪಾಯಿಯ ಉದ್ರಿಗೆ ತಿಂಗಳಿಗೆ ನೂರಕ್ಕೆ ಎರಡರಂತೆ ಆರು ತಿಂಗಳ ಬಡ್ಡಿ 4,800 ಆಗಿತ್ತು. ಅದು ಅಸಲಿನೊಂದಿಗೆ ಪಟ್ಟಿಯಲ್ಲೇ ಮುರಿದುಹೋಗಿತ್ತು. ಅತ್ತ ಅದೇ ಗೊಬ್ಬರದ ಖರ್ಚನ್ನು ಒಮ್ಮೆ ನಾನೂ ಬರೆದಿದ್ದೆ. ಹೀಗೆ ಅಸಲು ಎರಡು ಸಲ ಕಳೆಯಿತು, ಬಡ್ಡಿ ಮಾತ್ರ ಎಲ್ಲಿಯೂ ಕಾಣಲಿಲ್ಲ. ಈಗ ಪಟ್ಟಿಯ ಮೇಲಿನ ತೂಕ ಮತ್ತು ದರವನ್ನು ಆದಾಯದ ಕಡೆಗೂ, ಹಮಾಲಿ, ಬಡ್ಡಿಯನ್ನು ಖರ್ಚಿನ ಕಡೆಗೂ ಬರೆಯುತ್ತೇನೆ. ಗೊಬ್ಬರ ತಂದಾಗಲೇ ಖರ್ಚು ಬರೆದಿರುವುದರಿಂದ ಅಸಲನ್ನು ಮತ್ತೆ ಯಾವ ಕಡೆಗೂ ಬರೆಯುವುದಿಲ್ಲ.

ಇನ್ನೊಂದು ತಪ್ಪು ಅಳತೆಯದು. ಮೂರು ಎಕರೆ ಎಂದು ನಾವು ಕರೆಯುವ ಹತ್ತಿ ಹೊಲವನ್ನು ಹಗ್ಗ ಹಿಡಿದು ಅಳೆದಾಗ, ಬದು ಮತ್ತು ಹೊಲಗಾಲುವೆ ಬಿಟ್ಟು 2 ಎಕರೆ 32 ಗುಂಟೆ ಮಾತ್ರ ಸಿಕ್ಕಿತು. ಆ ವರ್ಷ 20 ಕ್ವಿಂಟಲ್ ಬಂದಿತ್ತು, ಅಂದರೆ ಎಕರೆಗೆ ಏಳು. ದರ 6,900ರ ಆಸುಪಾಸು ಸಿಕ್ಕಿ ಎಕರೆಗೆ 49,000 ಆದಾಯವಾಯಿತು. ಬಿಡಿಸುವ ಕೂಲಿಯೇ ಎಕರೆಗೆ 8,000ದಷ್ಟಾಯಿತು. ಕೊನೆಯ ಬಿಡಿಕೆಯಲ್ಲಿ ಕಾಯಿ ವಿರಳವಾಗಿರುವುದರಿಂದ ಕಿಲೋಗೆ ಹೆಚ್ಚು ಕೇಳುತ್ತಾರೆ, ಆ ಹತ್ತಿಗೆ ದರವೂ ಕಡಿಮೆ. ಈ ಕೂಲಿಯೂ ಸೇರಿ ಎಕರೆಗೆ ಖರ್ಚು 30,000, ಅದರ ಮೇಲೆ ಬಡ್ಡಿ 1,700. ನಮ್ಮ ಮನೆಯವರ ದುಡಿಮೆ ಹತ್ತು ಆಳಿನಷ್ಟು, ಅದಕ್ಕೆ 4,000. ಉಳಿದದ್ದು 13,000ದಷ್ಟೇ. ಪಕ್ಕದ ತೊಗರಿ ಎಕರೆಗೆ ಐದು ಕ್ವಿಂಟಲ್ ಬಂದು, 17,000 ಖರ್ಚು ಕಳೆದು ಎಕರೆಗೆ 18,000 ಉಳಿಸಿತ್ತು.

ನಡುವೆ ಎಂಟು ಸಾಲು ಹತ್ತಿಗೆ ಒಂದು ಸಾಲು ತೊಗರಿ ಹಾಕಿ ನೋಡಿದೆ. ಬೆಳೆ ಚೆನ್ನಾಗಿಯೇ ಬಂತು, ಆದರೆ ಕಸ ತೆಗೆದ ಕೂಲಿಯನ್ನು ಹಂಚಲಾಗದೆ ಆ ಹಾಳೆಯನ್ನು ಕೈಬಿಟ್ಟೆ. ಟ್ರ್ಯಾಕ್ಟರ್ ಖರ್ಚನ್ನು ಹೊಲಗಳಿಗೆ ಹಂಚಲು ನನ್ನದೇ ಒಂದು ವಿಧಾನವಿದೆ. ಇನ್ನೊಂದು ವರ್ಷ ಪರೀಕ್ಷಿಸುವವರೆಗೆ ಅದನ್ನು ಹೇಳುವುದಿಲ್ಲ.

ಮರುವರ್ಷ ಆ ಹತ್ತಿ ಹೊಲಕ್ಕೆ ತೊಗರಿಯನ್ನೇ ಬಿತ್ತಿದೆ. ತಗ್ಗಿನ ಹತ್ತು ಗುಂಟೆಯಲ್ಲಿ ನೀರು ನಿಂತು ಗಿಡ ಸೊರಗಿದರೂ ಎಕರೆಗೆ 16,000ಕ್ಕಿಂತ ಕಡಿಮೆ ಉಳಿಯಲಿಲ್ಲ. ಈ ಸಲ ಬಿತ್ತನೆಗೆ ಮುನ್ನ ಕಾಕಾ ತಮ್ಮ ಹೊಲ ಅಳೆಯಲು ನನ್ನ ಹಗ್ಗವನ್ನು ಒಯ್ದಿದ್ದಾರೆ.