ತಂತಿ ಸಡಿಲ ಬಿಟ್ಟಾಗ

ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಮೊದಲ ಆಲ್ಬಮ್‌ನ ಮೊದಲ ಹಾಡನ್ನು ಗಿಟಾರಿನಲ್ಲಿ ಕಲಿಯಲು ಕೂತಾಗ ನಾನು ಶುರುವಿನಲ್ಲೇ ಎಡವಿದೆ. ಹೆವಿ ಮೆಟಲ್ ಅಂದ್ರೆ ತಂತಿ ಸಡಿಲಿಸಿ ಶ್ರುತಿ ಇಳಿಸಲೇಬೇಕು ಅಂದುಕೊಂಡು ಆರೂ ತಂತಿಗಳನ್ನು ಮೂರು ಸೆಮಿಟೋನ್, ಅಂದರೆ ಮೂರು ಫ್ರೆಟ್‌ನಷ್ಟು, ಇಳಿಸಿದ್ದೆ. ರೆಕಾರ್ಡ್ ಜೊತೆ ನುಡಿಸಿದರೆ ಒಂದೂ ಕೂಡಲಿಲ್ಲ. 1970ರ ಆ ಹಾಡು ಮಾಮೂಲಿ ಟ್ಯೂನಿಂಗ್‌ನಲ್ಲೇ ಇದೆ. ಅವರು ತಂತಿ ಇಳಿಸಿದ್ದು 1971ರಲ್ಲಿ, ಮೂರನೇ ಆಲ್ಬಮ್‌ಗೆ.

ಮತ್ತೆ ಏರಿಸಿದೆ. ರಿಫ್‌ನಲ್ಲಿ, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕಿನಲ್ಲಿ, ಇರುವುದು ಮೂರೇ ಹೆಜ್ಜೆ. ಆರನೇ ತಂತಿಯ ಮೂರನೇ ಫ್ರೆಟ್‌ನಲ್ಲಿ ಜಿ, ನಾಲ್ಕನೇ ತಂತಿಯ ಐದನೇ ಫ್ರೆಟ್‌ನಲ್ಲಿ ಮೇಲಿನ ಜಿ, ಆಮೇಲೆ ಐದನೇ ತಂತಿಯ ನಾಲ್ಕನೇ ಫ್ರೆಟ್‌ನಲ್ಲಿ ಸಿ ಶಾರ್ಪ್. ಈ ಕೊನೆಯ ಸ್ವರ ಎರಡು ಜಿಗಳ ನಟ್ಟನಡುವೆ, ಎರಡೂ ಕಡೆಯಿಂದ ಆರಾರು ಸೆಮಿಟೋನ್ ದೂರದಲ್ಲಿದೆ. ಕೇಳಿದರೆ ಭಯ ಹುಟ್ಟಿಸುವ ಈ ಅಂತರವೇ ಟ್ರೈಟೋನ್. ನಮ್ಮ ಕಡೆ ಸಂಗೀತ ಕಲಿತವರಿಗೆ ಷಡ್ಜದಿಂದ ಪ್ರತಿ ಮಧ್ಯಮದ ದೂರ, ಅಷ್ಟೇ. ಬ್ಲೂಸ್‌ನಲ್ಲೂ ಈ ಸ್ವರ ಇದೆ, ಆದರೆ ಅಲ್ಲಿ ಸಾಮಾನ್ಯವಾಗಿ ಅದನ್ನು ಸವರಿಕೊಂಡು ಪಕ್ಕಕ್ಕೆ ಹೋಗಿಬಿಡುತ್ತಾರೆ. ಬ್ಲೂಸ್ ನುಡಿಸುತ್ತಲೇ ಬೆಳೆದ ಈ ಬ್ಯಾಂಡ್ ಇಲ್ಲಿ ಅದರ ಮೇಲೇ ನಿಂತು ಟ್ರಿಲ್ ಹಾಕಿ ನಡುಗಿಸುತ್ತದೆ. ಕೈ ಅಭ್ಯಾಸದಿಂದ ನಾನು ಒಂದು ಫ್ರೆಟ್ ಮೇಲಕ್ಕೆ, ಡಿಗೆ ಜಾರಿದೆ ನೋಡಿ, ಭಯವೆಲ್ಲ ಮಾಯ!

ಹಾಗಾದರೆ ತಂತಿ ಯಾಕೆ ಇಳಿಸಿದರು? ಅದಕ್ಕೆ ಬರ್ಮಿಂಗ್‌ಹ್ಯಾಮ್‌ನ ಕಾರ್ಖಾನೆಗೆ ಹೋಗಬೇಕು. ಗಿಟಾರಿಸ್ಟ್ ಟೋನಿ ಅಯೋಮಿ 17ನೇ ವಯಸ್ಸಿನಲ್ಲಿ ತಗಡಿನ ಕೆಲಸಕ್ಕಿದ್ದರು. ಕೆಲಸದ ಕೊನೆಯ ದಿನ ಯಂತ್ರಕ್ಕೆ ಸಿಕ್ಕು ಬಲಗೈಯ ಎರಡು ಬೆರಳ ತುದಿ ಹೋದವು. ಅವರು ಎಡಚರು, ತಂತಿ ಒತ್ತುವುದೇ ಬಲಗೈಯಲ್ಲಿ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಟೊಪ್ಪಿ ಮಾಡಿ, ಮೇಲೆ ಚರ್ಮ ಅಂಟಿಸಿಕೊಂಡು ನುಡಿಸಿದರು.

ಸುಮ್ನೆ ನೋಡೋಣ ಅಂತ ನಾನೂ ಎರಡು ಬೆರಳಿಗೆ ಹಳೇ ಬ್ಯಾಗಿನ ಚರ್ಮ ಸುತ್ತಿ ನುಡಿಸಿದೆ. ತಂತಿ ಎಲ್ಲಿದೆ ಅಂತಲೇ ಬೆರಳಿಗೆ ಗೊತ್ತಾಗುವುದಿಲ್ಲ. ಎಷ್ಟು ಒತ್ತಬೇಕೆಂಬ ಅಂದಾಜೂ ಇಲ್ಲ. ತಂತಿ ಎಳೆದು ಬಾಗಿಸುವುದಂತೂ ದೂರದ ಮಾತು. ಆಗ ಮತ್ತೆ ಮೂರು ಸೆಮಿಟೋನ್ ಇಳಿಸಿದೆ. ಅದೇ ತಂತಿಯ ಬಿಗಿ ಸುಮಾರು ಶೇ 30ರಷ್ಟು ಕಡಿಮೆಯಾಗುತ್ತದೆ. ಚರ್ಮದ ಬೆರಳಿಗೂ ತಂತಿ ಬಗ್ಗಿತು. ಸದ್ದು ತಾನಾಗಿ ಭಾರವಾಯಿತು.

ಆದರೆ ಸಡಿಲ ತಂತಿಗೆ ಬೇರೆ ಕಾಟ ಇದೆ. ಜೋರಾಗಿ ಹೊಡೆದರೆ ಫ್ರೆಟ್‌ಗೆ ಬಡಿದು ಜರ್ ಅನ್ನುತ್ತದೆ. ಹೊಡೆದ ಕ್ಷಣ ಟ್ಯೂನರ್ ಮುಳ್ಳು ಮೇಲಕ್ಕೆ ಹಾರಿ ನಿಧಾನಕ್ಕೆ ಇಳಿಯುತ್ತದೆ, ಅಂದರೆ ಶುರುವಿನಲ್ಲಿ ಸ್ವರ ಏರಿರುತ್ತದೆ. ದಪ್ಪ ತಂತಿ ಹಾಕಿದರೆ ಇದು ಸರಿಹೋಗುತ್ತದೆ, ಆದರೆ ಬೆರಳಿಗೆ ಮತ್ತೆ ಅದೇ ಕಷ್ಟ. ನಾನು ತೆಳು ತಂತಿಯನ್ನೇ ಉಳಿಸಿಕೊಂಡೆ. ಪಿಕ್ ಮೆಲ್ಲಗೆ ಆಡಿಸಿ, ಅಬ್ಬರವನ್ನೆಲ್ಲ ಆಂಪ್ಲಿಫೈಯರ್‌ಗೆ ಬಿಟ್ಟೆ.