ಎಣ್ಣಿ ಡಬ್ಬಿ ವರ್ಷಕ್ಕೆ ಎಷ್ಟು ಸಲ ಖಾಲಿ ಬೀಳುತ್ತದೆ? ಚೀಟಿ ಎತ್ತಿ ಕಂಡುಕೊಂಡ ಲೆಕ್ಕ

ಬಾಗಲಕೋಟೆಯ ಒಂದು ಕಿರಾಣಿ ಹೋಲ್‌ಸೇಲ್ ಅಂಗಡಿ. 15 ಕಿಲೋ ಸೂರ್ಯಕಾಂತಿ ಎಣ್ಣಿ ಡಬ್ಬಿ ಹುಬ್ಬಳ್ಳಿಯಿಂದ ಬರುತ್ತದೆ, ಒಂದು ಆರ್ಡರ್‌ಗೆ 30 ಡಬ್ಬಿ. ಸ್ಟಾಕ್ 8ಕ್ಕೆ ಇಳಿದಾಗ ಫೋನ್ ಹಚ್ಚುವುದು ಮೊದಲಿನಿಂದ ಬಂದ ರೂಢಿ. ರ‍್ಯಾಂಡಮ್ ನಂಬರ್ ಹಾಕಿ ದಿನದಿನದ ವ್ಯಾಪಾರ ಆಡಿಸಿ ನೋಡಿ, ಅದನ್ನು 15ಕ್ಕೆ ಏರಿಸಿ ಅಂದಾಗ ಮಾಲಕರು, "ರ‍್ಯಾಂಡಮ್ ನಂಬರ್ ಅಂದ್ರ ಚೀಟಿ ಎತ್ತೂದು ಹೌದಲ್ರಿ? ಚೀಟಿ ಎತ್ತಿ ಅಂಗಡಿ ನಡಸ್ತೀರೇನು?" ಅಂದಿದ್ದರು. ಲೆಕ್ಕ ಬರೆಯುವ ನಮ್ಮವರೂ ನಕ್ಕಿದ್ದರು. 15 ಮಾಡಿ ಒಂದು ವರ್ಷ ದಾಟಿತು, ಖಾಲಿ ಬಿದ್ದದ್ದು ಮೂರು ಸಲ. ನನ್ನ ಲೆಕ್ಕ ಎರಡರಿಂದ ಮೂರು ಅಂದಿತ್ತು. ಆದರೆ ಅದಕ್ಕೂ ಮೊದಲು ಒಮ್ಮೆ ಸರಿಯಾಗಿಯೇ ಮುಗ್ಗರಿಸಿದ್ದೆ. ಈ ಬರಹ ಹೆಚ್ಚಾಗಿ ಅದರ ಬಗ್ಗೆ.

ಮೊದಲು ಬೇಡಿಕೆಯ ಪಟ್ಟಿ. ಬಿಲ್ ಬುಕ್ಕಿನಿಂದ 109 ದಿನ ತೆಗೆದೆ. ಅದರಲ್ಲಿ 9 ದಿನ ಡಬ್ಬಿಯೇ ಇರಲಿಲ್ಲ, ಅಥವಾ ಮಧ್ಯಾಹ್ನಕ್ಕೆ ತೀರಿತ್ತು. ಆ ದಿನಗಳ ಸೊನ್ನೆಯನ್ನು ಸೊನ್ನೆ ಬೇಡಿಕೆ ಎಂದು ಬರೆದರೆ ಇಡೀ ಲೆಕ್ಕ ಕೆಡುತ್ತದೆ. ಬಿಲ್ ಬುಕ್ ಮಾರಾಟ ಹೇಳುತ್ತದೆಯೇ ಹೊರತು ಬೇಡಿಕೆ ಹೇಳುವುದಿಲ್ಲ. ಅವನ್ನು ಬಿಟ್ಟರೆ 100 ದಿನ. ಬಿಡುವುದರಲ್ಲೂ ಒಂದು ಮೋಸ ಇದೆ: ಜೋರು ಗಿರಾಕಿ ಬಂದ ದಿನವೇ ಮಾಲು ತೀರುವುದು, ಹಾಗಾಗಿ ಬಿಟ್ಟ ದಿನಗಳಲ್ಲಿ ದೊಡ್ಡ ದಿನಗಳೇ ಹೆಚ್ಚು. ಮುಂದಿನ ಸಲಕ್ಕೆ ಅಂತ ಕೌಂಟರಿನ ಹುಡುಗನಿಗೆ, ಬರಿಗೈಲಿ ಹೋದ ಪ್ರತಿ ಡಬ್ಬಿಗೂ ಗೋಡೆಯ ಕ್ಯಾಲೆಂಡರ್ ಮೇಲೆ ಒಂದು ಗೆರೆ ಎಳೆ ಅಂತ ಹೇಳಿಟ್ಟೆ. ಸಾಫ್ಟ್‌ವೇರ್‌ಗಿಂತ ಆ ಗೆರೆಗಳೇ ಹೆಚ್ಚು ಉಪಯೋಗಕ್ಕೆ ಬಂದವು.

100 ದಿನದಲ್ಲಿ 10 ದಿನ ಒಂದೂ ಹೋಗಿಲ್ಲ, 20 ದಿನ ಒಂದು, 30 ದಿನ ಎರಡು, 20 ದಿನ ಮೂರು, 12 ದಿನ ನಾಲ್ಕು, 5 ದಿನ ಐದು. ಉಳಿದ 3 ದಿನ ಎಂಟೆಂಟು, ಅವು ಮದುವೆ ಮನೆಯವು. ಸರಾಸರಿ ದಿನಕ್ಕೆ 2.37 ಡಬ್ಬಿ. ಮಾಲು ಬರುವ ಅವಧಿಗೆ ಸಿಕ್ಕಿದ್ದು 40 ಆರ್ಡರ್‌ಗಳ ಲಾರಿ ರಸೀದಿ ಮಾತ್ರ: 12 ಸಲ ಎರಡು ದಿನ, 16 ಸಲ ಮೂರು, 6 ಸಲ ನಾಲ್ಕು, 4 ಸಲ ಐದು, 2 ಸಲ ಏಳು. ಸರಾಸರಿ ಮೂರೂಕಾಲು ದಿನ. ಎರಡು ಸರಾಸರಿ ಗುಣಿಸಿದರೆ 7.7. ಎಂಟಕ್ಕೆ ಫೋನ್ ಹಚ್ಚುವ ರೂಢಿ ಎಲ್ಲಿಂದ ಬಂತು ಅಂತ ಇಲ್ಲೇ ತಿಳಿಯುತ್ತದೆ.

ದಿನಕ್ಕೊಂದು ಚೀಟಿ ಎತ್ತಿ ಆ ದಿನದ ಬೇಡಿಕೆ ತಿಳಿಯಲು, 00ರಿಂದ 99ರವರೆಗಿನ ಚೀಟಿಗಳನ್ನು ಈ ಪಾಲಿಗೆ ತಕ್ಕಂತೆ ಹಂಚಬೇಕು. ಬೇಡಿಕೆಗೆ 00–09 ಬಂದರೆ ಸೊನ್ನೆ, 10–29 ಒಂದು, 30–59 ಎರಡು, 60–79 ಮೂರು, 80–91 ನಾಲ್ಕು, 92–96 ಐದು, 97–99 ಎಂಟು. ಅವಧಿಗೂ ಹೀಗೇ, ಅಲ್ಲಿ 85–94 ಐದು ದಿನ. ಕಂಪ್ಯೂಟರ್ ಮುಟ್ಟುವ ಮೊದಲು, ಒಂದು ಲಾರಿಯಿಂದ ಮುಂದಿನ ಲಾರಿಯವರೆಗಿನ ಒಂದು ಸುತ್ತನ್ನು ಪೆನ್ಸಿಲ್‌ನಲ್ಲಿ ಮಾಡಲೇಬೇಕು. ಭಾನುವಾರ ರಾತ್ರಿ ಸ್ಟಾಕ್ 11. ಸೋಮವಾರದ ಚೀಟಿ 64, ಮೂರು ಹೋಯಿತು, 8 ಉಳಿಯಿತು, ಫೋನ್ ಹಚ್ಚಿದ್ದಾಯಿತು. ಅವಧಿಯ ಚೀಟಿ 88, ಅಂದರೆ ಐದು ದಿನ. ಮಂಗಳವಾರ 41, ಎರಡು ಹೋಗಿ 6. ಬುಧವಾರ 83, ನಾಲ್ಕು ಹೋಗಿ 2. ಗುರುವಾರ 07, ಗಿರಾಕಿ ಇಲ್ಲ. ಶುಕ್ರವಾರ 71, ಮೂರು ಕೇಳಿದರು, ಇದ್ದದ್ದು ಎರಡು. ಶನಿವಾರ 35, ಎರಡು ಕೇಳಿದರು, ಒಂದೂ ಇಲ್ಲ. ಶನಿವಾರ ರಾತ್ರಿ ಲಾರಿ ಇಳಿಯಿತು. ಒಂದು ಸುತ್ತು, ಒಂದು ಖಾಲಿ, ತಪ್ಪಿದ್ದು ಮೂರು ಡಬ್ಬಿ.

ಪೆನ್ಸಿಲ್ ಹಿಡಿದದ್ದಕ್ಕೇ ಮೊದಲ ತಪ್ಪು ಸಿಕ್ಕಿತು. ನನ್ನ ಮೊದಲ ಶೀಟಿನಲ್ಲಿ ಮಾಲು ಬೆಳಿಗ್ಗೆಯೇ ಸ್ಟಾಕ್‌ಗೆ ಸೇರುತ್ತಿತ್ತು, ಆಮೇಲೆ ಆ ದಿನದ ವ್ಯಾಪಾರ. ನಿಜದಲ್ಲಿ ಲಾರಿ ರಾತ್ರಿ ಇಳಿಯುತ್ತದೆ, ಡಬ್ಬಿ ಮರುದಿನದ ಗಿರಾಕಿಗೆ. ಒಂದು ದಿನದ ಈ ವ್ಯತ್ಯಾಸದಿಂದ ವರ್ಷಕ್ಕೆ ಐದೇ ಸಲ ಖಾಲಿ ಅಂತ ಬರುತ್ತಿತ್ತು. ಅಂಗಡಿಯ ನೆನಪಿನ ಪ್ರಕಾರ ಹನ್ನೆರಡೋ ಹದಿಮೂರೋ ಸಲ.

ಎರಡನೇ ತಪ್ಪು ದುಬಾರಿಯಾಯಿತು. ರಸೀದಿ ಹುಡುಕುವ ಬೇಸರಕ್ಕೆ, ಅವಧಿ ಯಾವಾಗಲೂ ಮೂರು ದಿನ ಅಂತ ಇಟ್ಟು, ಬೇಡಿಕೆಗೆ ಮಾತ್ರ ಚೀಟಿ ಎತ್ತಿದೆ. ಎಂಟರ ಮಟ್ಟದಲ್ಲಿ ಓಡಿಸಿದರೆ ವರ್ಷಕ್ಕೆ 13 ಸಲ ಅಂತ ಬಂತು. ಅಂಗಡಿಯ ನೆನಪಿಗೆ ತಂತಿ ಕಟ್ಟಿದ ಹಾಗೆ ತಾಳೆ. ಇನ್ನೇನು ಬೇಕು ಅಂತ 12ಕ್ಕೆ ಏರಿಸಿ ನೋಡಿದೆ, ಮೂರು ಸಲ ಅಂದಿತು. ಮಾಲಕರಿಗೆ 12 ಸಾಕು ಅಂತ ಹೇಳಿದೆ. ಏಳು ತಿಂಗಳಲ್ಲಿ ನಾಲ್ಕು ಸಲ ಖಾಲಿ ಬಿತ್ತು. ನಗುವವರಿಗೆ ಹಬ್ಬ.

ಕಾರಣ ಹಿಡಿಯಲು ಒಂದು ವಾರ ಬೇಕಾಯಿತು. ಎಂಟರ ಮಟ್ಟ ಸರಾಸರಿಯ ಹತ್ತಿರವೇ ಇದೆ. ಅಲ್ಲಿ ಲಾರಿ ಬೇಗ ಬಂದದ್ದು, ತಡವಾಗಿ ಬಂದದ್ದು ಒಂದಕ್ಕೊಂದು ವಜಾ ಆಗಿ, ಅವಧಿಯನ್ನು ಮೂರಕ್ಕೆ ಕಟ್ಟಿಹಾಕಿದರೂ ಚೀಟಿಗೆ ಬಿಟ್ಟರೂ ಸುತ್ತುಗಳಲ್ಲಿ ಅರ್ಧ ಖಾಲಿ ಎನ್ನುವ ಉತ್ತರವೇ ಬರುತ್ತದೆ. ಮಟ್ಟ ಏರಿಸಿದಾಗ ಬೇಗ ಬಂದ ಲಾರಿಗಳಿಗೆ ಲೆಕ್ಕವೇ ಇಲ್ಲ, ತಡವಾದವು ಮಾತ್ರ ಹೊಡೆಯುತ್ತವೆ. ಹಾಗಾಗಿ ಹಳೇ ಮಟ್ಟಕ್ಕೆ ತಾಳೆಯಾಯಿತು ಎನ್ನುವುದು ಸಾಕ್ಷಿಯಲ್ಲ. ಎಷ್ಟು ಸಲ ಖಾಲಿ ಎಂಬುದರ ಜೊತೆಗೆ ಎಷ್ಟು ಡಬ್ಬಿ ತಪ್ಪಿತು ಅಂತಲೂ ತಾಳೆ ನೋಡಿದ್ದರೆ ಸಿಕ್ಕಿಬೀಳುತ್ತಿದ್ದೆ: ಕಟ್ಟಿಹಾಕಿದ ಲೆಕ್ಕದಲ್ಲಿ ಸುತ್ತಿಗೆ ಸುಮಾರು ಒಂದೂವರೆ ಡಬ್ಬಿ, ಬಿಟ್ಟ ಲೆಕ್ಕದಲ್ಲಿ ಎರಡರ ಮೇಲೆ. ಕ್ಯಾಲೆಂಡರಿನ ಗೆರೆಗಳು ಎರಡರ ಮೇಲೆ ಅಂತಲೇ ಹೇಳಿದವು.

ಸ್ಪ್ರೆಡ್‌ಶೀಟ್ ಇಲ್ಲಿಗೆ ಬಿಟ್ಟೆ. ಯಾವ ಸೆಲ್ ಮುಟ್ಟಿದರೂ `RANDBETWEEN` ಮತ್ತೆ ಚೀಟಿ ಎತ್ತುತ್ತದೆ, 12ಕ್ಕೂ 15ಕ್ಕೂ ಇರುವ ವ್ಯತ್ಯಾಸ ಮಟ್ಟದ್ದೋ ಚೀಟಿಯದ್ದೋ ತಿಳಿಯುವುದಿಲ್ಲ. ಈಗ ಓಡಿಸುವುದು ಇದು, `R` ಫೋನ್ ಹಚ್ಚುವ ಮಟ್ಟ, `Q` ಒಂದು ಆರ್ಡರ್‌ನ ಡಬ್ಬಿ:

```python
import random

D = [0]*10 + [1]*20 + [2]*30 + [3]*20 + [4]*12 + [5]*5 + [8]*3
L = [2]*30 + [3]*40 + [4]*15 + [5]*10 + [7]*5

def run(R, Q=30, days=10000):
    rd, rl = random.Random(11), random.Random(22)
    stock, due, hit = R + Q, 0, False
    cyc = out = lost = 0
    for t in range(1, days + 1):
        d = rd.choice(D)
        if d > stock:
            lost += d - stock
            hit = True
        stock = max(0, stock - d)
        if due == t:
            stock += Q
            cyc += 1
            out += hit
            due, hit = 0, False
        if due == 0 and stock <= R:
            due = t + rl.choice(L)
    return cyc, out, lost
```

ಎರಡು ಬೇರೆ ಬೇರೆ ಚೀಟಿ ಡಬ್ಬ ಇಟ್ಟದ್ದನ್ನು ಗಮನಿಸಿ, `rd` ಬೇಡಿಕೆಗೆ, `rl` ಅವಧಿಗೆ. ಒಂದೇ ಡಬ್ಬದಿಂದ ಎತ್ತಿದರೆ, ಮಟ್ಟ ಬದಲಾದ ಕೂಡಲೇ ಆರ್ಡರ್ ಬೀಳುವ ದಿನ ಬದಲಾಗಿ, ಬೇಡಿಕೆಯ ಚೀಟಿಗಳೂ ಜರುಗಿಬಿಡುತ್ತವೆ. ಬೇರೆ ಇಟ್ಟರೆ ಎಲ್ಲ ಮಟ್ಟಕ್ಕೂ ಅದೇ ಗಿರಾಕಿ, ಅದೇ ಲಾರಿ. ಇನ್ನು 10,000 ದಿನ ಯಾಕೆ ಅಂದರೆ, ವರ್ಷಕ್ಕೆ ಸುಮಾರು 28 ಸುತ್ತು ಮಾತ್ರ. ಒಂದು ವರ್ಷ ಓಡಿಸಿ ನೋಡಿದವನಿಗೆ ಒಮ್ಮೆ 10 ಬರುತ್ತದೆ, ಒಮ್ಮೆ 18.

ಬಂದ ಉತ್ತರ, ನೆನಪಿನಿಂದ: 8ರಲ್ಲಿ ನೂರು ಸುತ್ತಿಗೆ ಸುಮಾರು 50 ಖಾಲಿ, 12ರಲ್ಲಿ 19, 15ರಲ್ಲಿ 9, 18ರಲ್ಲಿ ಮೂರೋ ನಾಲ್ಕೋ. ಸ್ಟಾಕ್ ಸರಿಯಾಗಿ ಎಂಟಕ್ಕೆ ಬಂದು ನಿಲ್ಲುವುದಿಲ್ಲ ಎಂಬುದನ್ನೂ ಇದು ತಾನೇ ಹಿಡಿಯುತ್ತದೆ. ಸಂಜೆ ಎಣಿಸಿದಾಗ 9 ಇದ್ದದ್ದು ಮರುದಿನ ಸಂಜೆ 5 ಇರಬಹುದು. ಈ ಜಿಗಿತವೇ ಸರಾಸರಿ ಒಂದೂಕಾಲು ಡಬ್ಬಿ ತಿನ್ನುತ್ತದೆ, ಸೂತ್ರ ಹಾಕುವವರು ಇದನ್ನು ಬಿಟ್ಟಿರುತ್ತಾರೆ.

ರೊಕ್ಕದ ಮಾತಿಗೆ ಬಂದರೆ, ಡಬ್ಬಿಗೆ ಸುಮಾರು ₹2,000 ಹಿಡಿಯಿರಿ. ಮೂರು ಡಬ್ಬಿ ಹೆಚ್ಚಿಟ್ಟರೆ ₹6,000 ಕಟ್ಟಿಬಿದ್ದಂತೆ, ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿಯಂತೆ ವರ್ಷಕ್ಕೆ ₹720. 12ರಿಂದ 15ಕ್ಕೆ ಏರಿದರೆ ವರ್ಷಕ್ಕೆ ಸುಮಾರು 12 ಡಬ್ಬಿ ಉಳಿಯುತ್ತವೆ. ಡಬ್ಬಿಗೆ ₹40 ಲಾಭ ಅಂದರೆ ₹480, ಲುಕ್ಸಾನೇ. ಆದರೆ ಖಾನಾವಳಿಯವರು ಬರೀ ಎಣ್ಣಿಗೆ ಬರುವುದಿಲ್ಲ. ಯಾದಿ ಹಿಡಿದು ಬರುತ್ತಾರೆ, ಎಣ್ಣಿ ಇಲ್ಲ ಅಂದರೆ ಬ್ಯಾಳಿ, ರವಾ, ಸಕ್ಕರಿ ಎಲ್ಲ ಎದುರಿನ ಅಂಗಡಿಯಲ್ಲಿ. ಯಾದಿಗೆ ₹100 ಅಂತ ಹಿಡಿದರೆ ₹1,200, ಆಗ 15 ಗಿಟ್ಟುತ್ತದೆ. 15ರಿಂದ 18ಕ್ಕೆ ಉಳಿಯುವುದು ಐದು ಡಬ್ಬಿ, ₹500. ಅದಕ್ಕೆ ₹720 ಬಡ್ಡಿ ಕೊಡುವುದು ಹುಚ್ಚು. ಮಾಲಕರು 18 ಮಾಡೋಣ ಅಂದಾಗ ತಡೆದದ್ದೂ ಇದೇ ಲೆಕ್ಕ.

ನಡುವೆ ಸುಮ್ಮನೆ `Q=20` ಹಾಕಿ ನೋಡಿದೆ. ರೊಕ್ಕ ಕಡಿಮೆ ಕಟ್ಟಿಬೀಳುತ್ತದೆ ಎಂಬ ಆಸೆ. ಸುತ್ತಿಗೆ ಖಾಲಿ ಬೀಳುವ ಪಾಲು ಅಷ್ಟೇ ಇತ್ತು, ಆದರೆ ಸುತ್ತುಗಳೇ 43ರ ಹತ್ತಿರ ಆದವು, ವರ್ಷಕ್ಕೆ ಎರಡೂವರೆ ಇದ್ದದ್ದು ನಾಲ್ಕಾಯಿತು. ಸಣ್ಣ ಆರ್ಡರ್ ಅಂದರೆ ಲಾರಿಯ ದಾರಿ ಕಾಯುವ ದಿನಗಳು ಹೆಚ್ಚು.

ಹೆಚ್ಚು ಫಲ ಕೊಟ್ಟದ್ದು ಇನ್ನೊಂದು ಪ್ರಯೋಗ. 15ರ ಮಟ್ಟದಲ್ಲಿ ಖಾಲಿ ಬಿದ್ದ ಸುತ್ತುಗಳನ್ನು ಮಾತ್ರ ಬೇರೆ ತೆಗೆದು, ಅವುಗಳ ಅವಧಿ ಎಷ್ಟಿತ್ತು ಅಂತ ಎಣಿಸಿದೆ. ಹತ್ತರಲ್ಲಿ ನಾಲ್ಕು ಏಳು ದಿನದ ಲಾರಿಯವು. ಪಟ್ಟಿಯಲ್ಲಿ ಅವುಗಳ ಪಾಲು ನೂರಕ್ಕೆ ಐದು, ನಿಜವಾಗಿ ನೋಡಿದ್ದು ಎರಡೇ ರಸೀದಿ. ಎರಡೂ ಹಬ್ಬದ ವಾರದವು, ಮಾಲು ಬುಕ್ಕೇ ಆಗದೆ ಟ್ರಾನ್ಸ್‌ಪೋರ್ಟ್ ಗೋದಾಮಿನಲ್ಲಿ ಕೂತಿತ್ತು. ಈಗ ಫೋನ್ ಹಚ್ಚಿದ ಮೂರನೇ ದಿನ ಲಾರಿ ರಸೀದಿ ನಂಬರ್ ಕೇಳುತ್ತೇವೆ. ನಂಬರ್ ಇಲ್ಲ ಅಂದರೆ ಗದರಿಸಿ ಐದನೇ ದಿನಕ್ಕಾದರೂ ತರಿಸುವುದು. ಏಳನ್ನು ಐದು ಮಾಡಿ ಓಡಿಸಿದರೆ ನೂರಕ್ಕೆ 9 ಇದ್ದದ್ದು ಆರೂವರೆಗೆ ಇಳಿಯಿತು, ಒಂದು ರೂಪಾಯಿ ಸ್ಟಾಕ್ ಏರಿಸದೆ.

ಆ ಎರಡು ರಸೀದಿಯ ಮೇಲೆ ಇಷ್ಟೊಂದು ನಿಂತಿದೆ ಅಂದಮೇಲೆ, ಅವನ್ನು ಒಂದು ಮಾಡಿ, ನಾಲ್ಕು ಮಾಡಿ ಓಡಿಸಿ ನೋಡದೆ ಯಾರಿಗೂ ಅಂಕಿ ಕೊಡಬೇಡಿ. ಪಟ್ಟಿಯಲ್ಲಿ ಇಲ್ಲದ್ದು ಚೀಟಿಯಲ್ಲಿ ಬರುವುದೂ ಇಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭಾ, ಘಟಪ್ರಭಾ ತುಂಬಿ ದಾರಿ ಬಂದಾದಂಥ ವಾರ ನನ್ನ 40 ರಸೀದಿಯಲ್ಲಿ ಇಲ್ಲ. ಮದುವೆ ತಿಂಗಳುಗಳಿಗೆ ಬೇರೆ ಬೇಡಿಕೆ ಪಟ್ಟಿ ಇಟ್ಟಿದ್ದೇನೆ. 3 ದಿನದ ಎಂಟೆಂಟು ಡಬ್ಬಿಯನ್ನು ಅಲ್ಲಿ ಹೇಗೆ ಹಿಗ್ಗಿಸುತ್ತೇನೆ ಎಂಬುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಅದಕ್ಕೆ ನಾಲ್ಕು ಅಂಗಡಿಯವರು ಫೀ ಕೊಡುತ್ತಿದ್ದಾರೆ. ಉಳಿದದ್ದಕ್ಕೆ ಮೇಲಿನ ಕೋಡ್ ಸಾಕು. `D`, `L` ನಿಮ್ಮ ಬಿಲ್ ಬುಕ್ಕಿನದ್ದು ಹಾಕಿ, ಮೊದಲು ನಿಮ್ಮ ಹಳೇ ಮಟ್ಟದಲ್ಲಿ ಓಡಿಸಿ, `out` ಜೊತೆಗೆ `lost` ಕೂಡ ತಾಳೆ ನೋಡಿ.